ತಪ್ಪಾದರೆ ನಿನ್ನೆಯ ದರ

ಸೊರಬದ ಬಸ್ ಸ್ಟ್ಯಾಂಡಿನೆದುರು ನಮ್ಮದು ಎರಡು ಮೇಜಿನ ಆಫೀಸು. ಮಾರುಕಟ್ಟೆಗಳ ವೆಬ್‌ಸೈಟುಗಳಿಂದ ಭತ್ತದ ದರವನ್ನು ಪ್ರೋಗ್ರಾಂ ಹಾಕಿ ತೆಗೆದು, ಮಧ್ಯಾಹ್ನ ರೈತರ ಮೊಬೈಲಿಗೆ ಕಳಿಸುವುದು ಕೆಲಸ. ಪ್ರೋಗ್ರಾಂ ನಾನು ಬರೆದದ್ದು, ವೆಬ್ ಪುಟ ತರಿಸುವ ಸಾದಾ ರಿಕ್ವೆಸ್ಟ್ಸ್ ಲೈಬ್ರರಿ ಬಳಸಿ. ಒಂದು ಪುಟ ಬಂದ ಮೇಲೆ ಇನ್ನೊಂದು. ಇಷ್ಟು ಹೊತ್ತಾದರೆ ಕಾಯುವುದು ಬಿಡು ಎನ್ನುವ ಟೈಮ್‌ಔಟ್ ಕೊಟ್ಟಿರಲಿಲ್ಲ, ಕೊಡದಿದ್ದರೆ ಅದು ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ. ಒಂದು ಸೈಟು ಬಾಯಿ ಮುಚ್ಚಿ ಕೂತರೆ ಉಳಿದವೂ ಅದರ ಹಿಂದೆ ಕೂರಬೇಕು. ಅಂಥ ದಿನ ಯಾರಿಗೂ ಸಂದೇಶ ಹೋಗುತ್ತಿರಲಿಲ್ಲ.

ಶಿಕಾರಿಪುರದಿಂದ ದಿನಾ ಬಸ್ಸಿನಲ್ಲಿ ಬರುವ ನನ್ನ ಪಾಲುದಾರರಿಗೆ ಇದನ್ನು ಸಹಿಸಲಾಗಲಿಲ್ಲ. ಅದನ್ನೆಲ್ಲ, ಒಂದಕ್ಕೆ ಕಾಯದೆ ಹಲವು ಪುಟಗಳನ್ನು ಒಟ್ಟಿಗೆ ಕೇಳುವ ಎಚ್‌ಟಿಟಿಪಿಎಕ್ಸ್‌ನ ಅಸಿಂಕ್ ಕ್ಲೈಂಟಿಗೆ ಬದಲಾಯಿಸಿದರು. ನನ್ನದು ಪ್ರತಿ ಪುಟಕ್ಕೂ ಹೊಸ ಸಂಪರ್ಕ ಕಟ್ಟುತ್ತದೆ, ಇದು ತೆರೆದ ಸಂಪರ್ಕಗಳನ್ನು ಪೂಲಿನಲ್ಲಿಟ್ಟು ಮತ್ತೆ ಬಳಸುತ್ತದೆ ಎಂದು ಪಾಠ ಹೇಳಿದರು. ರಿಕ್ವೆಸ್ಟ್ಸ್‌ನ ಸೆಷನ್ ಬಳಸಿದರೂ ಅದೇ ಆಗುತ್ತದೆ ಎಂದೆ. ನಕ್ಕರು. ಆ ನಗು ನನ್ನ ಮೈ ಉರಿಸಿತು. ಅರ್ಧ ಗಂಟೆಯ ಕೆಲಸ ನಿಮಿಷದೊಳಗೆ ಮುಗಿದದ್ದು ಇನ್ನಷ್ಟು ಉರಿಸಿತು.

ವಾರದೊಳಗೆ ಹೊಸಬಾಳೆಯ ರೈತ ಹೆಂಗಸೊಬ್ಬರು ಫೋನು ಹಿಡಿದು ಬಂದರು. ನಮ್ಮ ಸಂದೇಶದ ದರ ನಂಬಿ, ಕಣಕ್ಕೆ ಬಂದ ವ್ಯಾಪಾರಿಗೆ ಇಡೀ ಬೆಳೆ ತೂಗಿಕೊಟ್ಟಿದ್ದರು. ಆ ದಿನ ಮಾರುಕಟ್ಟೆಯಲ್ಲಿ ದರ ಏರಿತ್ತು. ನಾವು ಕಳಿಸಿದ್ದು ಹಿಂದಿನ ದಿನದ್ದು.

ಪ್ರೋಗ್ರಾಂ ಓಡಿದ್ದರ ದಾಖಲೆಯಾದ ಲಾಗ್ ತೆಗೆದೆ. ಪಾಲುದಾರರು ನಾನೂರು ಪುಟಗಳನ್ನು ಒಂದೇ ಏಟಿಗೆ ಕೇಳಿದ್ದರು. ಕ್ಲೈಂಟಿನ ಪೂಲಿನಲ್ಲಿ ಇರುವುದು ನೂರು ಸಂಪರ್ಕ. ಸೈಟುಗಳು ಅಂದು ನಿಧಾನ, ಇದ್ದ ಸಂಪರ್ಕಗಳು ಬಿಡುವಾಗಲಿಲ್ಲ. ಸಾಲಿನಲ್ಲಿ ನಿಂತ ಉಳಿದ ಕೋರಿಕೆಗಳು ಸಂಪರ್ಕ ಸಿಗದೆ ಐದು ಸೆಕೆಂಡು ಕಾದು ಪೂಲ್ ಟೈಮ್‌ಔಟ್ ಆಗಿ ಬಿದ್ದಿದ್ದವು. ಅವು ನಮ್ಮ ಕಂಪ್ಯೂಟರಿನಿಂದ ಹೊರಟೇ ಇರಲಿಲ್ಲ. ಬಿದ್ದ ಕಡೆಯೆಲ್ಲ ನಿನ್ನೆಯ ದರ. ಆ ಹೆಂಗಸಿನ ಎದುರಿಗೇ ನಾನು ಪಾಲುದಾರರ ಮೇಲೆ ಕೂಗಾಡಿದೆ. ಏಕಕಾಲಕ್ಕೆ ಹತ್ತೇ ಹೋಗಲಿ ಅಂತ ಮಿತಿ ಹಾಕುವಷ್ಟು ಬುದ್ಧಿ ಇಲ್ಲವೇ ಎಂದೆ.

ಪಾಲುದಾರರು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. "ಮಿತಿ ಹಾಕಿಲ್ಲ, ನನ್ ತಪ್ಪೇ ರೀ. ಆದ್ರ ಈ ಸಾಲು ನಿಮ್ದು. ನಾ ಮುಟ್ಟಿಲ್ಲ."

ಪುಟ ತರುವಾಗ ತಪ್ಪಾದರೆ ನಿನ್ನೆಯ ದರ ಹಾಕು ಎಂಬ ಸಾಲು. ವ್ಯಾಪಾರ ನಡೆಯದ ದಿನ ನಮ್ಮ ಮಾರುಕಟ್ಟೆಯ ಬೋರ್ಡಿನಲ್ಲಿ ಹಳೇ ದರ ಒರೆಸುವುದಿಲ್ಲ. ಅದನ್ನೇ ನೋಡಿ ಬರೆದಿದ್ದೆ. ನನ್ನ ಪ್ರೋಗ್ರಾಂ ಕಾಯುತ್ತ ಕೂರುತ್ತಿತ್ತೇ ಹೊರತು ತಪ್ಪು ಅನ್ನುತ್ತಿರಲಿಲ್ಲ, ಹಾಗಾಗಿ ಆ ಸಾಲಿಗೆ ಸರದಿಯೇ ಬಂದಿರಲಿಲ್ಲ. ಬಯ್ಯಲು ಬಾಯಿ ತೆರೆದವನಿಗೆ ಬಯ್ಯಲು ಉಳಿದವನು ನಾನೊಬ್ಬನೇ. ಸಿಟ್ಟು ಮಾತ್ರ ಇಳಿಯಲಿಲ್ಲ.

ಆ ಹೆಂಗಸಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ರೇಟು ಗೊತ್ತಾಗ್ಲಿಲ್ಲ ಅಂತ ಹಾಕಿದ್ರೆ ನಾಳೆವರೆಗೆ ಕಾಯ್ತಿದ್ದೆ ಕಣ್ರೀ," ಅಂದರು. "ಗೊತ್ತಿದ್ದವರ ಥರ ಯಾಕ್ ಹಾಕಿದ್ರಿ?"