ಶಿವರಂಜಿನಿ ಕೇಳಿಸಿಕೊಂಡ ‘ಆಗದೆ’

ಶಿವರಂಜಿನಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಅಕ್ಷರ ದುಂಡಗಾಗುತ್ತಿತ್ತು. ಹೊಸ ಉದ್ಯಮಗಳಿಗೆ ಬಂಡವಾಳ ಹಾಕುವ ನಿಧಿಯೊಂದು ೧೯೯೮ರಲ್ಲಿ ಚಾಮರಾಜನಗರದಲ್ಲಿ ಎರಡು ಕೋಣೆಯ ಕಚೇರಿ ತೆರೆದಿತ್ತು. ಅಲ್ಲಿ ಅವಳು ಟಿಪ್ಪಣಿ ಬರೆಯುತ್ತಿದ್ದಳು, ನಾನು ಟೈಪ್ ಮಾಡುತ್ತಿದ್ದೆ. ಆ ವಾರ ಅವಳ ಅಕ್ಷರ ಮುತ್ತಿನಂತಿತ್ತು. ನನಗೆ ಭಯವಾಗಿತ್ತು.

ಬಂಡವಾಳ ಕೇಳಿ ಬಂದಿದ್ದವನು ಗುಂಡ್ಲುಪೇಟೆಯ ನಿಂಗರಾಜು. ಅರಿಶಿನದಿಂದ ಬಣ್ಣದ ಸಾರ ತೆಗೆಯುವ ಘಟಕ ಅವನ ಯೋಜನೆ. ಅವನು ಒಂದು ಗಂಟೆ ಮಾತಾಡಿದ, ನಮ್ಮ ಅಧಿಕಾರಿಗಳು ಪ್ರಶ್ನೆ ಕೇಳಿದರು, ಎಲ್ಲವೂ ಕ್ಯಾಸೆಟ್ಟಿನಲ್ಲಿ ದಾಖಲಾಯಿತು. ಅದನ್ನು ಎರಡು ಪುಟಕ್ಕೆ ಇಳಿಸಬೇಕು. ಬೆಂಗಳೂರಿನ ಹೂಡಿಕೆ ಸಮಿತಿ ಕ್ಯಾಸೆಟ್ ಕೇಳುವುದಿಲ್ಲ, ಆ ಎರಡು ಪುಟ ನೋಡಿಯೇ ಹೌದು, ಇಲ್ಲ ಅನ್ನುತ್ತದೆ.

ಹತ್ತು ವರ್ಷದ ಹಿಂದೆ ಇದೇ ನಿಂಗರಾಜುವಿನ ಅಪ್ಪನ ಅರಿಶಿನ ಬೇಯಿಸುವ ಕೊಟ್ಟಿಗೆಯಲ್ಲಿ ಶಿವರಂಜಿನಿಯ ತಾಯಿ ಗುರುಮಲ್ಲಮ್ಮ ಕೂಲಿಗಿದ್ದರು. ಕೊಪ್ಪರಿಗೆ ಮಗುಚಿ ಬಲಗೈ ಮೊಣಕೈವರೆಗೂ ಬೆಂದುಹೋಯಿತು. ವಿಚಾರಣೆಗೆ ಬಂದ ಕಾರ್ಮಿಕ ಇಲಾಖೆಯವರ ಮುಂದೆ ಆಕೆಯ ಹೇಳಿಕೆ ಬರೆದುಕೊಟ್ಟವನು ನಿಂಗರಾಜು. ಕೊಪ್ಪರಿಗೆಯ ಕಾಲು ಮುರಿದಿತ್ತು, ಎರಡು ಸಲ ಹೇಳಿದ್ದೆ ಎಂದು ಆಕೆ ಅಂದಿದ್ದರು. ಅವನು ಬರೆದದ್ದು ‘ನನ್ನ ಕಾಲು ಜಾರಿತು’ ಎಂದು. ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡ. ಅರ್ಧ ಮಾತು ನುಂಗುವ ಕಲೆ ಅವನಿಗೆ ಆಗಲೇ ಚೆನ್ನಾಗಿ ಬರುತ್ತಿತ್ತು.

“ಇವತ್ತು ಅವನ ಮಾತು ನನ್ನ ಕೈಲದೆ ಕಣೆ ಶಾಂತಿ. ಬುಡಲ್ಲ,” ಅಂದಳು ಶಿವರಂಜಿನಿ ನನಗೆ.

ದೇವರೇ ತಂದುಕೊಟ್ಟಂತೆ ಒಂದು ತಪ್ಪೂ ಸಿಕ್ಕಿತು. ಸರಕು ಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ನಿಂಗರಾಜು ಹೇಳಿದ್ದ: “ಕೊಚ್ಚಿಯೋರ್ ಜೊತೆ ಒಪ್ಪಂದ ಆಗದೆ, ಮಿಷಿನ್‌ಗೆ ಇನ್ನೂ ಆರ್ಡರ್ ಕೊಟ್ಟಿಲ್ಲ.” ಪ್ರಶ್ನೆ ಕೇಳಿದ ನಮ್ಮ ಸಾಹೇಬರು ಧಾರವಾಡದ ಕಡೆಯವರು. ಪುಸ್ತಕದ ಕನ್ನಡದಲ್ಲಿ ‘ಆಗದೆ’ ಅಂದರೆ ಆಗದೇ ಇರುವುದು. ಅವರು ತಮ್ಮ ಹಾಳೆಯಲ್ಲಿ ‘ಒಪ್ಪಂದ ಆಗಿಲ್ಲ’ ಎಂದು ಬರೆದು ಎರಡು ಗೆರೆ ಎಳೆದಿದ್ದರು. ನಮ್ಮ ಕಡೆ ‘ಆಗದೆ’ ಅಂದರೆ ಆಗಿದೆ. ಕೊಳ್ಳುವವರಿಲ್ಲದ ಘಟಕಕ್ಕೆ ಸಮಿತಿ ಬಿಡಿಗಾಸೂ ಕೊಡುವುದಿಲ್ಲ. ಶಿವರಂಜಿನಿ ಸುಮ್ಮನಿದ್ದರೆ ಸಾಕಿತ್ತು, ನಿಂಗರಾಜು ಮುಗಿದುಹೋಗುತ್ತಿದ್ದ.

ಅವಳು ಆ ಜಾಗವನ್ನು ಹನ್ನೆರಡು ಸಲ ಹಿಂದಕ್ಕೆ ತಿರುಗಿಸಿ ಕೇಳಿದಳು. ‘ಆಗದೆ’ ಆದಮೇಲೆ ಅವನು ಉಸಿರು ತೆಗೆದುಕೊಂಡದ್ದು ಸ್ಪಷ್ಟವಾಗಿತ್ತು, ಅಂದರೆ ಆ ಮಾತು ಅಲ್ಲಿಗೇ ಮುಗಿದಿತ್ತು. “ಸುಮ್ನಿದ್ಬುಡು,” ಅಂದೆ ನಾನು. ನನಗೂ ಅವನ ಮೇಲೆ ಸಿಟ್ಟಿತ್ತು.

“ಸುಮ್ನಿದ್ರೆ ನಾನೂ ಅವನಂಗೇ ಬರ್ದಂಗಾಯ್ತದೆ,” ಅಂದಳು. ಹಾಗೆಂದು ಅವಳ ಸಿಟ್ಟು ಕರಗಿತ್ತು ಅಂದುಕೊಳ್ಳಬೇಡಿ. ಎದ್ದು ಸಾಹೇಬರ ಬಳಿ ಹೋಗಿ ‘ಆಗದೆ’ಯ ಅರ್ಥ ಹೇಳಿದಳು, ತಾಯಿಯ ವಿಷಯವನ್ನೂ ಹೇಳಿದಳು. ಅವರು ಟಿಪ್ಪಣಿಯನ್ನು ತಾವೇ ಕ್ಯಾಸೆಟ್ಟಿಗೆ ಹೋಲಿಸಿ ನೋಡುವುದಾಗಿಯೂ, ಅವಳ ಸಂಬಂಧವನ್ನು ಟಿಪ್ಪಣಿಯಲ್ಲೇ ನಮೂದಿಸಬೇಕೆಂದೂ ಹೇಳಿ, ಅವಳೇ ಬರೆಯಲು ಒಪ್ಪಿದರು.

ಟಿಪ್ಪಣಿಯಲ್ಲಿ ನಿಂಗರಾಜುವಿನ ಬಲ, ದೌರ್ಬಲ್ಯ ಎರಡೂ ಬಂದವು. ಅವನು ಹೇಳಿದ್ದನ್ನು ‘ಉದ್ಯಮಿಯ ಹೇಳಿಕೆ’ ಎಂದೇ ಬರೆದಳು. ಒಪ್ಪಂದ ಆಗಿದೆ ಎನ್ನುತ್ತಾರೆ, ಪ್ರತಿ ತೋರಿಸಿಲ್ಲ. ಕೊಳೆನೀರು ಎಲ್ಲಿಗೆ ಬಿಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಕೆಲಸಗಾರರ ಸುರಕ್ಷತೆಯ ಪ್ರಶ್ನೆಗೆ ಅವನು ಕೊಟ್ಟ ಉತ್ತರವನ್ನು ಒಂದಕ್ಷರ ಬಿಡದೆ ಇಳಿಸಿದಳು: “ನಮ್ಮ ಕೊಟ್ಟಿಗೇಲಿ ಇವತ್ತಿನವರ್ಗೂ ಒಬ್ಬರ್ಗೂ ಏನೂ ಆಗಿಲ್ಲ.” ಕೆಳಗೆ ಒಂದೇ ಸಾಲು: ‘ಕಾರ್ಮಿಕ ಇಲಾಖೆಯ ಕಡತ ನೋಡಬೇಕು.’

ಕಳಿಸುವ ಮುಂಚೆ, ಉದ್ಯಮಿ ಹೇಳಿದ ಸಂಗತಿಗಳ ಹಾಳೆಯನ್ನು ಅವನಿಗೇ ತೋರಿಸಿ ಸಹಿ ಪಡೆಯುವುದು ನಮ್ಮ ಕಚೇರಿಯ ಪದ್ಧತಿ. ನಿಂಗರಾಜು ಬಂದು ಓದಿದ. ಒಪ್ಪಂದದ ಸಾಲಿಗೆ ಮುಖ ಅರಳಿತು. ಕೊಟ್ಟಿಗೆಯ ಸಾಲಿಗೆ ಬಂದಾಗ ಕಣ್ಣು ಅಲ್ಲೇ ನಿಂತಿತು.

“ಇದ ಬುಟ್ಬುಡಮ್ಮ. ಏನೋ ಬಾಯ್ಮಾತ್ಗೆ ಅಂದಿದ್ದು.”

“ಬುಡಕಾಗಲ್ಲ ಸಾರ್. ನಿಜ ಅಂದ್ರೆ ಸಹಿ ಆಕಿ. ಸುಳ್ಳು ಅಂದ್ರೆ ನಿಮ್ಮ ಕೈಯಾರೆ ತಿದ್ದಿ. ನಾನು ಅರವೆ ಊರಿನ ಗುರುಮಲ್ಲಮ್ಮನ ಮಗಳು.”

ಆ ಹೆಸರು ಕೇಳಿದ ಮೇಲೆ ಅವನು ಬೆಚ್ಚಿಬೀಳುತ್ತಾನೆ ಎಂದು ನಾವಿಬ್ಬರೂ ಕಾದೆವು. ಹತ್ತು ವರ್ಷ ಅವಳು ಕಾದದ್ದು ಅದಕ್ಕೇ. ಅವನು ಬೆಚ್ಚಲಿಲ್ಲ. ಸುಳ್ಳಿಗೆ ಸಹಿ ಹಾಕಿದರೆ ಕಡತದಲ್ಲಿ ಸಿಕ್ಕಿಬೀಳುತ್ತೇನೆಂದು ಲೆಕ್ಕ ಹಾಕಿದನೋ ಏನೋ, ಪೆನ್ನು ತೆಗೆದು ‘ಒಬ್ಬ ಹೆಣ್ಣಾಳಿಗೆ ಕೈ ಸುಟ್ಟಿತ್ತು’ ಎಂದು ಬರೆದ. ಸಹಿ ಹಾಕಿದ. ಆಮೇಲೆ ತಲೆಯೆತ್ತಿ, ನಿಜವಾಗಿಯೂ ನೆನಪಿಲ್ಲದವನ ಮುಖದಲ್ಲಿ ಕೇಳಿದ:

“ಗುರುಮಲ್ಲಮ್ಮ ಅಂದ್ರೆ ಯಾರಮ್ಮ?”