ಹೋರ್ಡಿಂಗಿನ ಮೇಲಿದ್ದ ಸಿಮ್ ಕಂಪನಿ

ಫೋಟೊ ನೋಡಿ ಅದು ಯಾವ ದೇಶವೆಂದು ಹೇಳುವ ಮೊಬೈಲ್ ಆಟದಲ್ಲಿ ನಾನು ಹುಲಿ. ಮಿಕ್ಕ ಕೆಲಸಗಳಲ್ಲಿ ಏನೆಂದು ಮನೆಯವರನ್ನೇ ಕೇಳಬೇಕು. ಆ ಹುಲಿತನ ನೋಡಿಯೇ ಬೀದರಿನ ಒಂದು ಯೂಟ್ಯೂಬ್ ಸುದ್ದಿ ಚಾನೆಲ್ಲಿನವರು ವಾಟ್ಸಾಪ್ ಸುಳ್ಳುಗಳನ್ನು ಹಿಡಿಯಲು ನನ್ನನ್ನು ಇಟ್ಟುಕೊಂಡಿದ್ದರು.

ಒಂದು ಮುಂಜಾನೆ ವಿಡಿಯೊವೊಂದು ಬಂತು. ಯಾರೋ ಹಿಟ್ಟನ್ನು ಕಾಲಲ್ಲಿ ತುಳಿಯುತ್ತಿದ್ದರು, ಹಿಂದೆ ಕಟ್ಟಿಗೆ ಭಟ್ಟಿ ಉರಿಯುತ್ತಿತ್ತು. ಕೆಳಗೆ 'ಔರಾದಿನ ಬೇಕರಿ' ಎಂದಿತ್ತು. ಔರಾದಿನಲ್ಲಿ ಕಟ್ಟಿಗೆ ಭಟ್ಟಿಯ ಬೇಕರಿ ಎಂದರೆ ಎಲ್ಲರಿಗೂ ನೆನಪಾಗುವುದು ನಮ್ಮ ಚಾಚಾ. ನಾನು ಹಲ್ಲು ಬಂದಾಗಿನಿಂದ ಅವರ ಟೋಸ್ಟ್ ತಿಂದವನು. ವಿಡಿಯೊದ ಬಾಗಿಲಾಚೆ ದೇವನಾಗರಿಯ ಎರಡು ಹೋರ್ಡಿಂಗ್ ಕಾಣುತ್ತಿದ್ದವು. ಮಹಾರಾಷ್ಟ್ರದ ಗಡಿಯ ನಮಗೆ ದೇವನಾಗರಿ ಎಂದರೆ ಮರಾಠಿಯೇ. ಹಾಗಾಗಿ ಜನ ಅನುಮಾನಿಸಲೇ ಇಲ್ಲ.

ಹತ್ತು ಗಂಟೆಗೆ ಚಾಚಾ ಫೋನ್ ಮಾಡಿದರು.

"ಬೇಟಾ, ಗಿರಾಕಿ ಬಂದು ಪಾಕೀಟ ವಾಪಸ್ ಒಗೀಲಿಕ್ಕತ್ಯಾರ. ನನ್ನ ಮೊಣಕಾಲು ನಿನಗ ಗೊತ್ತದ, ತುಳೀಲಿಕ್ಕ ಆಗ್ತದೇನು? ಜಲ್ದಿ ಏನರ ಮಾಡು."

ಮೊದಲ ಹೋರ್ಡಿಂಗಿನಲ್ಲಿ ನೂಡಲ್ಸ್. ಅದು ನೇಪಾಳದ್ದು, ಆದರೆ ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ, ಸಾಕ್ಷಿಗೆ ಬರುವುದಿಲ್ಲ. ಎರಡನೆಯದು ಸಿಮ್ ಕಂಪನಿಯದು. ಆ ಕಂಪನಿಯ ಸಿಮ್ ಮಾರುವುದು ನೇಪಾಳದಲ್ಲಿ ಮಾತ್ರ, ಅಲ್ಲಿಯ ಬರಹವೂ ದೇವನಾಗರಿಯೇ. ಇಲ್ಲಿ ಯಾರೂ ಅದರ ಜಾಹೀರಾತಿಗೆ ದುಡ್ಡು ಸುರಿಯುವುದಿಲ್ಲ. ಹತ್ತೂವರೆಗೆಲ್ಲ ಸುಳ್ಳು ಸಿಕ್ಕಿಬಿತ್ತು.

ಚಾನೆಲ್ಲಿನ ಸರ್ ಹೇಳಿದರು: "ಎರಡ ಸಾಲು ಬರದು ಹಾಕಿಬಿಡು."

"ಎರಡ ಸಾಲು ಯಾರ್ ಓದ್ತಾರ್ರಿ ಸರ್? ಮಿಮಿಕ್ರಿ ಹಾಕಿ ರೀಲ್ ಮಾಡ್ತೇನಿ, ನೋಡ್ರಿ!"

ಜನಸಂದಣಿ ಬೇಕೆಂದು ಭಾಲ್ಕಿಯ ಬಸ್ ನಿಲ್ದಾಣಕ್ಕೆ ಹೋದೆ. ಟಿವಿಯವರ ಕಿರುಚಾಟ ಮಾಡಿದೆ, ಸಿಟ್ಟಾದ ಗಿರಾಕಿ ಮಾಡಿದೆ. ಕೊನೆಗೆ ಚಾಚಾನನ್ನೇ ಮಾಡಿದೆ, ಕುಂಟುತ್ತ, "ನನ್ನ ಮೊಣಕಾಲು ನಿನಗ ಗೊತ್ತದ." ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಇನ್ನಷ್ಟು ನಗಲೆಂದು ಮತ್ತೆ ಮತ್ತೆ ಚಿತ್ರೀಕರಿಸಿದೆ. ರೀಲ್ ಹಾಕುವಾಗ ಸಂಜೆಯಾಗಿತ್ತು.

ಮರುದಿನ ಸನ್ಮಾನವೇ ಕಾದಿದೆಯೆಂಬಂತೆ ಔರಾದಿಗೆ ಹೋದೆ. ತುಳಿದ ಹಿಟ್ಟು ಯಾರಿಗೆ ಬೇಕೆಂದು ಹೋಟೆಲಿನವರೆಲ್ಲ ಹಿಂದಿನ ದಿನ ಮಧ್ಯಾಹ್ನವೇ ಬೇರೆ ಕಡೆ ಬ್ರೆಡ್ಡು ಹೇಳಿಬಿಟ್ಟಿದ್ದರು. ತಮ್ಮ ಅಪ್ಪನ ಕಾಲದಿಂದ ಆರದ ಭಟ್ಟಿಯನ್ನು ಚಾಚಾ ಆರಲು ಬಿಟ್ಟಿದ್ದರು. ಇಟ್ಟಿಗೆ ಮುಟ್ಟಿದೆ, ತಣ್ಣಗಿತ್ತು.

"ಚಲೋ ಮಾಡಿದಿ ರೀಲು. ನನ್ನ ದನಿ ಬರೋಬ್ಬರಿ ಅದ," ಎಂದರು. ಆಮೇಲೆ, ಮೆತ್ತಗೆ: "ನೇಪಾಳದ್ದು ಅಂತ ನಿನಗ ಎಷ್ಟು ಗಂಟೆಕ್ಕ ಗೊತ್ತಾತು?"

"ಹತ್ತೂವರಿಗೆ," ಎಂದೆ, ಮಿಮಿಕ್ರಿಯಿಲ್ಲದ ನನ್ನದೇ ದನಿಯಲ್ಲಿ.

ಚಾಚಾ ಈಗ ಬೀದರಿನ ಬಳಿಯ ಕೊಳಾರದ ಗೋದಾಮಿನಲ್ಲಿ ಕಾವಲಿಗಿದ್ದಾರೆ. ಆ ರೀಲನ್ನು ನಾನು ಅಳಿಸಿದ್ದೇನೆ. ಜನ ಇನ್ನೂ ಒಬ್ಬರಿಗೊಬ್ಬರು ಕಳಿಸುತ್ತಲೇ ಇದ್ದಾರೆ, ಹೋರ್ಡಿಂಗ್ ನೋಡಲಿಕ್ಕಲ್ಲ, ಕುಂಟುವ ಚಾಚಾನನ್ನು ನೋಡಿ ನಗಲಿಕ್ಕೆ.