ಹತ್ತಕ್ಕೆ ಮೂರು

ನಮ್ಮ ಭಾವ ಗಣಿತದ ಮೇಷ್ಟ್ರು. ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಎಂಬ ಮಾತನ್ನು ದುಡ್ಡಿನ ವಿಷಯದಲ್ಲಿ ಅವರಿಗೆ ಹೇಳಿದರೆ ತಪ್ಪಾಗುತ್ತದೆ. ದುಡ್ಡು ಧಾರಾಳ, ಜಿಪುಣತನವೆಲ್ಲ ಮಾರ್ಕಿನಲ್ಲಿ. ಉತ್ತರ ಸರಿಯಿದ್ದರೆ ಅಕ್ಷರಕ್ಕೆ ಕತ್ತರಿ, ಅಕ್ಷರ ಚೆನ್ನಾಗಿದ್ದರೆ ಅಂಚು ಬಿಟ್ಟಿಲ್ಲವೆಂದು ಕತ್ತರಿ. ನಾನೂ ಅವರ ಕ್ಲಾಸಿನಲ್ಲಿ ಕೂತವನೇ. ಹೆಂಡತಿಯ ತಮ್ಮನೆಂಬ ಮುಲಾಜಿಗೆ ನನಗೆ ಇನ್ನಷ್ಟು ಕಡಿಮೆ ಕೊಟ್ಟರು.

ಮನೆಯಲ್ಲೂ ಅದೇ ಪೆನ್ನು. ಅಕ್ಕ ಮಾಡಿದ ಸಾರಿಗೆ ಹತ್ತಕ್ಕೆ ಎರಡು, ಅವಳ ಹೊಸ ಸೀರೆಗೆ ಮೂರು. ಮದುವೆಯಾದ ಮೇಲೆ ಅಕ್ಕನಿಗೆ ಸಿಕ್ಕ ಅತಿ ಹೆಚ್ಚಿನ ಮಾರ್ಕು ಐದು, ಅದೂ ಮಗಳು ಹುಟ್ಟಿದ ದಿನ. ಒಂದು ಹಗಲು ಒಂದು ರಾತ್ರಿ ಒದ್ದಾಡಿ ಹೆತ್ತಿದ್ದಳು. ಭಾವ ತೊಟ್ಟಿಲು ನೋಡಿ, "ಪರವಾಗಿಲ್ಲ, ಐದು ಕೊಡಬಹುದು" ಎಂದರಂತೆ. ಅಕ್ಕ ಇದನ್ನು ಇವತ್ತಿಗೂ ಎಲ್ಲರೆದುರು ನಗುತ್ತ ಹೇಳುತ್ತಾಳೆ. ಆ ನಗು ನನಗೆ ಯಾವತ್ತೂ ಇಷ್ಟವಾಗಿಲ್ಲ.

ಇಂಥವರ ಪಿತ್ತಕೋಶ ಕೆಟ್ಟು, ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದು ಅದನ್ನು ತೆಗೆದರು. ಹಾಸಿಗೆಯ ಕಾಲಬದಿಗೆ ಒಂದು ಪಟ್ಟಿ ನೇತುಹಾಕಿದ್ದರು. ನೋವಿಲ್ಲದಿದ್ದರೆ ಸೊನ್ನೆ, ಊಹೆಗೂ ಮೀರಿದ್ದರೆ ಹತ್ತು. ಮೂರರವರೆಗೆ ಸಣ್ಣ ನೋವು, ಹೊತ್ತುಹೊತ್ತಿಗೆ ಪ್ಯಾರಾಸಿಟಮಾಲ್ ಸಾಕು. ನಾಲ್ಕರಿಂದ ಆರಾದರೆ ಅದರ ಜೊತೆಗೆ ಇನ್ನೊಂದು ಔಷಧಿ. ಏಳು ಮುಟ್ಟಿದರೆ ಮಾರ್ಫಿನ್. ನೋವಿಗೆ ಮಾರ್ಕು ಕೊಡುವ ಕೆಲಸವನ್ನು ನಮ್ಮ ಭಾವನಿಗೆ ವಹಿಸಿದ ಆಸ್ಪತ್ರೆಯ ಬುದ್ಧಿವಂತಿಕೆಯನ್ನು ಮೆಚ್ಚಲೇಬೇಕು.

"ಎಷ್ಟು ಸರ್?" ಎಂದು ನರ್ಸು ಬಂದಾಗಲೆಲ್ಲ ಭಾವ ಕಣ್ಣು ಮುಚ್ಚಿ, ಮೌಲ್ಯಮಾಪನ ಮಾಡಿ, "ಮೂರು" ಎನ್ನುವರು. ಹಿಡಿದ ಮೊಲಕ್ಕೆ ಮೂರೇ ಕಾಲು. ನರ್ಸು ಪ್ಯಾರಾಸಿಟಮಾಲ್ ಏರಿಸಿ ಹೋಗುವರು. ಭಾವ ಮಾತ್ರ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅರ್ಧ ಉಸಿರು ಎಳೆದು ಅರ್ಧ ಬಿಡುತ್ತ, ಅಲುಗಾಡದೆ ಮಲಗಿರುವರು. ಎಷ್ಟು ಒಳ್ಳೆಯ ರೋಗಿ ಎಂದು ವಾರ್ಡೆಲ್ಲ ಹೊಗಳಿತು.

ಮರುದಿನ ಸಣ್ಣಗೆ ಜ್ವರ ಬಂತು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಮುಖ ಗಂಟಿಕ್ಕಿದರು. ಕಫ ಕೆಳಗೆ ಕೂರುತ್ತಿದೆ, ದೀರ್ಘವಾಗಿ ಉಸಿರೆಳೆದು ಕೆಮ್ಮದಿದ್ದರೆ ನ್ಯುಮೋನಿಯಾ ಆಗುತ್ತದೆ, ಆಮೇಲೆ ಉಸಿರಾಟದ ಯಂತ್ರಕ್ಕೆ ಹಾಕಬೇಕಾದೀತು ಎಂದರು. ಅಕ್ಕ ಹಾಸಿಗೆಯ ಹತ್ತಿರಕ್ಕೆ ಬಂದು ನಿಂತಳು. ನನ್ನ ತಮಾಷೆಯೂ ಅಲ್ಲಿಗೇ ನಿಂತಿತು.

ಡಾಕ್ಟರು ಹೋದ ಮೇಲೆ ವಾರ್ಡಿನ ಹಿರಿಯ ಸಿಸ್ಟರ್ ಪಟ್ಟಿ ತೆಗೆದು ನೋಡಿದರು. ಉದ್ದಕ್ಕೂ ಮೂರು. ಅವರು ಭಾವನನ್ನು ಬಿಟ್ಟು ಅಕ್ಕನನ್ನು ಕೇಳಿದರು.

"ಇವರು ಮೂರು ಅಂದ್ರೆ ಏನಮ್ಮಾ ಅರ್ಥ?"

"ಮೇಷ್ಟ್ರಲ್ವಾ, ನನ್ನ ಅಡುಗೆಗೆ ಮೂರು ಅಂದ ದಿನ ಪಾತ್ರೇಲಿ ಏನೂ ಉಳಿದಿರಲ್ಲ ಸಿಸ್ಟರ್."

ಸಿಸ್ಟರಿಗೆ ಅಷ್ಟು ಸಾಕಾಯಿತು. ಸುಮ್ಮನೆ ಮಲಗಿದವರ ನೋವನ್ನಷ್ಟೇ ಕೇಳಿದರೆ ಪ್ರಯೋಜನವಿಲ್ಲ, ಕೆಮ್ಮಿಸಿ ಕೇಳಬೇಕು ಎಂದರು. ಭಾವ ಉಸಿರೆಳೆಯಲು ಹೊರಟು ಅರ್ಧಕ್ಕೇ ನಿಂತರು. ಕೆಮ್ಮು ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

"ಈಗ ಎಷ್ಟು ಸರ್? ನೋವೇನೂ ಪರೀಕ್ಷೆ ಬರೆದಿಲ್ಲ, ಕೈಬಿಚ್ಚಿ ಕೊಡಿ."

ಭಾವ ಈ ಸಲ ಕಣ್ಣು ಮುಚ್ಚಲಿಲ್ಲ. "ಏಳು," ಎಂದರು. ಅವರ ಬಾಯಲ್ಲಿ ನಾನು ಆ ಅಂಕೆ ಕೇಳಿದ್ದು ಅದೇ ಮೊದಲು, ಮಗ್ಗಿಯಲ್ಲಿ ಬಿಟ್ಟರೆ.

ಏಳು ಅನ್ನದಿದ್ದರೂ ಬಿಡುತ್ತಿರಲಿಲ್ಲ ಎಂದರು ಸಿಸ್ಟರ್. ಕೆಮ್ಮಲಾಗದಿದ್ದರೆ ಅಂಕೆ ಏನೇ ಇರಲಿ, ಮೇಲಿನ ಹಂತಕ್ಕೆ ಹೋಗಬೇಕೆಂದು ಪಟ್ಟಿಯ ಕೆಳಗೇ ಇತ್ತು. ಭಾವ ಎಚ್ಚರವಾಗಿದ್ದಾರೆಯೇ ಎಂದು ಮಾತಾಡಿಸಿ, ಗಡಿಯಾರ ಹಿಡಿದು ಉಸಿರು ಎಣಿಸಿ, ಆಮೇಲೆ ರಕ್ತನಾಳಕ್ಕೆ ಸ್ವಲ್ಪವೇ ಮಾರ್ಫಿನ್ ನಿಧಾನವಾಗಿ ಕೊಟ್ಟರು. ಪ್ಯಾರಾಸಿಟಮಾಲನ್ನು ನಿಲ್ಲಿಸಲಿಲ್ಲ. ಪಟ್ಟಿ ಹೇಳಿದಷ್ಟು ಹೊತ್ತು ಕಾದು ಮತ್ತೆ ಕೇಳಬೇಕು. ನೋವು ಇಳಿಯದಿದ್ದರೆ, ತೂಕಡಿಕೆ ಇಲ್ಲದಿದ್ದರೆ, ಇನ್ನೊಂದು ಸಲ. ಅದಕ್ಕೂ ಬಗ್ಗದಿದ್ದರೆ ತಾವಾಗಿ ಕೊಡುವಂತಿಲ್ಲ, ಡಾಕ್ಟರನ್ನು ಕರೆಯಬೇಕು. ಇಷ್ಟು ಶಿಸ್ತನ್ನು ಕಂಡು ಭಾವನಿಗೆ ಒಳಗೊಳಗೇ ಖುಷಿಯಾಗಿರಬೇಕು.

ಎರಡನೆಯದು ಬೇಕಾಗಲಿಲ್ಲ. ಹೊಲಿಗೆ ಅಲುಗದಂತೆ ಅಕ್ಕ ಅವರ ಹೊಟ್ಟೆಗೆ ದಿಂಬು ಒತ್ತಿ ಹಿಡಿದಳು, ಭಾವ ಗಟ್ಟಿಯಾಗಿ ಕೆಮ್ಮಿದರು, ಕಫ ಬಂತು. ಅಷ್ಟು ಅಸಹ್ಯವಾದ ಸದ್ದಿಗೆ ನಾನು ಅಷ್ಟು ಸಂತೋಷಪಟ್ಟಿದ್ದೇ ಇಲ್ಲ. ಎಷ್ಟು ಎಂದಾಗ ಮತ್ತೆ ಮೂರು ಎಂದರು. ಈ ಸಲದ್ದು ನಿಜವಾದ ಮೂರು ಎಂದು ಸಿಸ್ಟರ್ ಬರೆದುಕೊಂಡು ಹೋದರು.

ಅಕ್ಕ ದಿಂಬು ಹಿಡಿದೇ ಇದ್ದಳು. ಭಾವ ಅವಳ ಕೈಯನ್ನೇ ನೋಡುತ್ತಿದ್ದರು.

"ಮಗಳು ಹುಟ್ಟಿದಾಗ ನಿನಗೆ ಎಷ್ಟಿತ್ತು?"

"ಐದು ಕೊಟ್ಟಿದ್ರಲ್ಲ ನೀವು."

"ನಾನು ಕೊಟ್ಟಿದ್ದಲ್ಲ. ನೋವು ಎಷ್ಟಿತ್ತು?"

ಅಕ್ಕ ನಗಲಿಲ್ಲ. ಅವಳನ್ನು ಇದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ, ತಮ್ಮನಾದ ನಾನೂ ಕೇಳಿರಲಿಲ್ಲ. ದಿಂಬಿನ ಅಂಚು ಸರಿಪಡಿಸಿ, "ಹತ್ತು," ಎಂದಳು.

ಭಾವ ಒಂದು ಮಾರ್ಕನ್ನೂ ಕತ್ತರಿಸಲಿಲ್ಲ.